ಡ್ರಮ್ಮಿನ ತಾರೀಕಿನಿಂದ ನೀಲಿ ಪ್ರತಿಯವರೆಗೆ: ಅಪಾಯಕಾರಿ ತ್ಯಾಜ್ಯದ ಮ್ಯಾನಿಫೆಸ್ಟ್ ತುಂಬುವುದು ಹೇಗೆ?

ಸಣ್ಣ ಕಾರ್ಖಾನೆ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ಅಪಾಯಕಾರಿ ತ್ಯಾಜ್ಯವನ್ನು ಎಷ್ಟು ದಿನ ಒಳಗೆ ಇಟ್ಟುಕೊಳ್ಳಬಹುದು? ತ್ಯಾಜ್ಯದ ಜೊತೆ ಹೋಗುವ ಕಾಗದವಾದ ಮ್ಯಾನಿಫೆಸ್ಟಿನ ಯಾವ ಬಣ್ಣದ ಪ್ರತಿ ಯಾರಿಗೆ ಹೋಗಬೇಕು? ಲಾರಿ ಗೇಟು ದಾಟಿದ ಮೇಲೆ ನಮ್ಮ ಜವಾಬ್ದಾರಿ ಮುಗೀತಾ? ಮೂರನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಇಲ್ಲ, ಮುಗಿಯೋದಿಲ್ಲ. ಉಳಿದ ಎರಡಕ್ಕೆ ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ.

ಇಲ್ಲಿ ಹೇಳುವುದೆಲ್ಲ ಭಾರತದಲ್ಲಿ 2016ರಲ್ಲಿ ಬಂದ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಪ್ರಕಾರ. ಉದಾಹರಣೆಗೆ ಒಂದು ಲೋಹಲೇಪನದ ಘಟಕ, ಅಂದರೆ ಪ್ಲೇಟಿಂಗ್ ಯೂನಿಟ್, ಇಟ್ಟುಕೊಳ್ಳಿ. ಅಲ್ಲಿನ ಕೊಳಕು ನೀರನ್ನು ಶುದ್ಧ ಮಾಡುವ ಘಟಕಕ್ಕೆ ಇಟಿಪಿ ಅನ್ನುತ್ತಾರೆ. ನೀರಿಗೆ ಸುಣ್ಣ ಹಾಕಿದಾಗ ಅದರಲ್ಲಿರುವ ಲೋಹ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಆ ಕೆಸರನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿದರೆ ಹೆಂಟೆಯಂಥ ಸ್ಲಡ್ಜ್ ಉಳಿಯುತ್ತದೆ. ನಮ್ಮ ಕಥಾನಾಯಕ ಇದೇ ಸ್ಲಡ್ಜ್. ತಿಂಗಳಿಗೆ ಸುಮಾರು 1 ಟನ್, ವರ್ಷಕ್ಕೆ 12 ಟನ್.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಥರೈಸೇಶನ್ ಬೇಕು. ಇಂಥ ತ್ಯಾಜ್ಯವನ್ನು ಉತ್ಪಾದಿಸಲು, ಇಟ್ಟುಕೊಳ್ಳಲು, ಸಾಗಿಸಲು ಕೊಡುವ ಅನುಮತಿ ಅದು. ಅರ್ಜಿ ಫಾರಂ 1ರಲ್ಲಿ, ಅನುಮತಿ ಬರುವುದು ಫಾರಂ 2ರಲ್ಲಿ. ಆ ಫಾರಂ 2 ತೆಗೆದು ಒಮ್ಮೆ ನಿಧಾನವಾಗಿ ಓದಿ. ಯಾವ ತ್ಯಾಜ್ಯ, ಯಾವ ಸಂಖ್ಯೆ, ವರ್ಷಕ್ಕೆ ಎಷ್ಟು, ಕೊನೆಗೆ ಎಲ್ಲಿಗೆ ಹೋಗಬೇಕು ಎಲ್ಲವೂ ಅದರಲ್ಲಿರುತ್ತದೆ. ಎಷ್ಟೋ ಕಡೆ ಅದನ್ನು ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿರುತ್ತಾರೆ, ಓದಿದವರು ಮಾತ್ರ ಯಾರೂ ಇರೋದಿಲ್ಲ.

ಎರಡನೆಯದು, ಟಿಎಸ್‌ಡಿಎಫ್ ಜೊತೆ ಒಪ್ಪಂದ. ಅಪಾಯಕಾರಿ ತ್ಯಾಜ್ಯವನ್ನು ಸಂಸ್ಕರಿಸಿ, ಸಂಗ್ರಹಿಸಿ, ಕೊನೆಗೆ ಸುರಕ್ಷಿತ ಗುಂಡಿಯಲ್ಲಿ ಹೂಳುವ ಅಥವಾ ಸುಡುವ ಜಾಗಕ್ಕೆ ಈ ಹೆಸರು. ಒಪ್ಪಂದಕ್ಕೆ ಮೊದಲು ಅವರು ನಿಮ್ಮ ಸ್ಲಡ್ಜಿನ ಮಾದರಿ ತರಿಸಿಕೊಂಡು ಪೂರ್ತಿ ಪರೀಕ್ಷೆ ಮಾಡುತ್ತಾರೆ. ಆ ವರದಿಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 1: ತ್ಯಾಜ್ಯಕ್ಕೆ ಸರಿಯಾದ ಸಂಖ್ಯೆ ಕೊಡಿ

ನಿಯಮದ ಮೊದಲ ಅನುಸೂಚಿಯಲ್ಲಿ ಪ್ರತಿ ಬಗೆಯ ಕೆಲಸಕ್ಕೆ ಒಂದು ಸಂಖ್ಯೆ, ಅದರಿಂದ ಬರುವ ತ್ಯಾಜ್ಯಕ್ಕೆ ಉಪಸಂಖ್ಯೆ ಇದೆ. ಇಟಿಪಿಯ ರಾಸಾಯನಿಕ ಸ್ಲಡ್ಜ್ ಅಂದರೆ 35.3. ಬಳಸಿದ ಎಣ್ಣೆ 5.1. ರಾಸಾಯನಿಕ ತುಂಬಿದ್ದ ಖಾಲಿ ಡ್ರಮ್ಮು, ಕ್ಯಾನು 33.1.

ಜನ ಎಡವುವುದು ಇಲ್ಲೇ. ಪ್ಲೇಟಿಂಗ್ ತೊಟ್ಟಿಯ ತಳದಲ್ಲಿ ಕೂತ ಕೆಸರು ಬೇರೆ, ಇಟಿಪಿಯ ಕೆಸರು ಬೇರೆ. ಮೊದಲನೆಯದು 12ರ ಸಾಲಿಗೆ ಸೇರುತ್ತದೆ, ಎರಡನೆಯದು 35.3. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು. ತೊಟ್ಟಿ ತೊಳೆದ ದಿನ ಆ ಕೆಸರನ್ನೂ ಇದೇ ಡ್ರಮ್ಮಿಗೆ ಸುರಿದರೆ ಟಿಎಸ್‌ಡಿಎಫ್ ಗೇಟಿನಲ್ಲಿ ಸಿಕ್ಕಿಬೀಳುತ್ತೀರಿ, ಏಕೆಂದರೆ ಅವರ ಹತ್ತಿರ ನಿಮ್ಮ ಹಳೆಯ ವರದಿ ಇದೆ. ಅದಕ್ಕಿಂತ ದೊಡ್ಡ ಅಪಾಯ ಸಯನೈಡ್ ತೊಟ್ಟಿಯದು. ಅದರ ಕೆಸರಿಗೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಉಸಿರಿನ ಜೊತೆ ಒಳಹೋದರೆ ಜೀವಕ್ಕೇ ಅಪಾಯ. ಹಾಗಾಗಿ ಆಸಿಡ್ ತ್ಯಾಜ್ಯ ಮತ್ತು ಸಯನೈಡ್ ತ್ಯಾಜ್ಯಕ್ಕೆ ಬೇರೆ ಬೇರೆ ಜಾಗ, ನಡುವೆ ಗೋಡೆ, ಸೋರಿದ್ದು ಹರಿದು ಸೇರದ ಹಾಗೆ ಬೇರೆ ಬೇರೆ ಕಾಲುವೆ. ಇದರಲ್ಲಿ ರಾಜಿ ಬೇಡ.

ಹಂತ 2: ಡ್ರಮ್ಮು ತುಂಬುವಾಗಲೇ ತೂಕ, ತಾರೀಕು

ನಮ್ಮ ಘಟಕ 200 ಲೀಟರಿನ, ಮುಚ್ಚಳ ತೆಗೆಯಬಹುದಾದ ಪ್ಲಾಸ್ಟಿಕ್ ಡ್ರಮ್ಮು ಬಳಸುತ್ತದೆ ಅಂದುಕೊಳ್ಳಿ. ಒಂದರಲ್ಲಿ 220 ಕಿಲೋ ಸ್ಲಡ್ಜ್ ಹಿಡಿಯುತ್ತದೆ, ಖಾಲಿ ಡ್ರಮ್ಮಿನ ತೂಕ 9 ಕಿಲೋ. ಈ 9 ಕಿಲೋ ಆಮೇಲೆ ತಲೆ ತಿನ್ನುತ್ತದೆ, ನೆನಪಿಟ್ಟುಕೊಳ್ಳಿ.

ಪ್ರೆಸ್ಸಿನಿಂದ ಇಳಿದ ಸ್ಲಡ್ಜಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ. ಬಿಸಿಲಿಗೆ ಹರಡಿದರೆ ತೂಕ ದಿನದಿಂದ ದಿನಕ್ಕೆ ಇಳಿಯುತ್ತದೆ. ಪ್ರೆಸ್ಸಿನ ಬಾಯಲ್ಲಿ ಒಬ್ಬರು ತೂಗಿ, ಲಾರಿ ಬಂದ ದಿನ ಇನ್ನೊಬ್ಬರು ತೂಗಿದರೆ ಎರಡು ಲೆಕ್ಕ ಯಾವತ್ತೂ ತಾಳೆ ಆಗೋದಿಲ್ಲ. ಉತ್ಪಾದನೆಯ ಪುಸ್ತಕದಲ್ಲಿ 3 ಟನ್, ಕಳಿಸಿದ್ದು 2 ಟನ್. ಉಳಿದ 1 ಟನ್ ಎಲ್ಲಿ ಅಂತ ಅಧಿಕಾರಿ ಕೇಳಿದರೆ ‘ಆವಿಯಾಯ್ತು ಸಾರ್’ ಅನ್ನಬೇಕಾಗುತ್ತದೆ. ಅದು ನಿಜವೇ ಇರಬಹುದು, ಆದರೆ ತೋರಿಸಲು ಕಾಗದ ಬೇಕಲ್ವಾ? ನನ್ನ ಸಲಹೆ: ಒಣಗಿಸುವುದಿದ್ದರೆ ಒಣಗಿಸಿ, ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿಯುವ ಹೊತ್ತಿಗೆ ತೂಗಿ. ಆ ತೂಕವೇ ಎಲ್ಲ ಪುಸ್ತಕಕ್ಕೂ ಹೋಗಲಿ. ಅದನ್ನು ದಿನದಿನದ ದಾಖಲೆಯಾದ ಫಾರಂ 3ರಲ್ಲಿ ಅವತ್ತೇ ಬರೆಯಿರಿ.

ಡ್ರಮ್ಮಿನ ಮೇಲೆ ಫಾರಂ 8ರ ಲೇಬಲ್ ಅಂಟಿಸಬೇಕು. ಹಿನ್ನೆಲೆ ಹೊಳೆಯುವ ಹಳದಿ. ‘ಅಪಾಯಕಾರಿ ತ್ಯಾಜ್ಯ’, ‘ಎಚ್ಚರಿಕೆಯಿಂದ ನಿಭಾಯಿಸಿ’ ಅನ್ನುವ ಮಾತುಗಳು ಕೆಂಪು ಅಕ್ಷರದಲ್ಲಿ, ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆ ಮೂರರಲ್ಲೂ ಇರಬೇಕು. ತ್ಯಾಜ್ಯದ ಬಗೆ, ಪ್ರಮಾಣ, ಸಂಗ್ರಹಿಸಿದ ತಾರೀಕು, ಕಳಿಸುವವರ ಮತ್ತು ಪಡೆಯುವವರ ವಿಳಾಸ, ತುರ್ತಿಗೆ ಯಾರನ್ನು ಕರೆಯಬೇಕು, ಇಷ್ಟೂ ಬೇಕು. ನೀರಿಗೆ ಅಳಿಸದ, ಬಿಸಿಲಿಗೆ ಮಾಸದ ಲೇಬಲ್ಲೇ ಆಗಬೇಕು. ಮಾರ್ಕರಿನಲ್ಲಿ ಗೀಚಿದ ತಾರೀಕು ಒಂದು ಮಳೆಗೆ ಹೋಯಿತು ಅಂದರೆ ಆ ಡ್ರಮ್ಮಿನ ವಯಸ್ಸು ಎಷ್ಟು ಅಂತ ಯಾರಿಗೂ ಗೊತ್ತಾಗೋದಿಲ್ಲ.

ಹಂತ 3: 90 ದಿನದ ಗಡಿಯಾರ

ಅಪಾಯಕಾರಿ ತ್ಯಾಜ್ಯವನ್ನು ಕಾರ್ಖಾನೆಯಲ್ಲಿ 90 ದಿನಕ್ಕಿಂತ ಜಾಸ್ತಿ ಇಡುವಂತಿಲ್ಲ. ಇದು ಸಾಮಾನ್ಯ ನಿಯಮ. ಕೆಲವು ಸಂದರ್ಭಗಳಲ್ಲಿ ಮಂಡಳಿ ಈ ಅವಧಿ ವಿಸ್ತರಿಸಬಹುದು. ವರ್ಷಕ್ಕೆ 10 ಟನ್‌ವರೆಗೆ ಮಾತ್ರ ಉತ್ಪಾದಿಸುವ ಸಣ್ಣವರಿಗೆ 180 ದಿನದವರೆಗೆ ಸಿಗುವ ಅವಕಾಶವಿದೆ. ರಾಜ್ಯದಲ್ಲಿ ಟಿಎಸ್‌ಡಿಎಫ್ ಸೌಲಭ್ಯವೇ ಇಲ್ಲದವರಿಗೂ ವಿಸ್ತರಣೆ ಕೊಡಬಹುದು. ಆದರೆ ಗಮನಿಸಿ: ‘ವಿಸ್ತರಿಸಬಹುದು’ ಅಂದರೆ ನೀವು ಕೇಳಿ, ಅವರು ಒಪ್ಪಿ, ಕಾಗದ ಕೊಟ್ಟ ಮೇಲೆ. ನಾವು ಸಣ್ಣವರು, ನಮಗೆ 180 ದಿನ ತಾನಾಗಿಯೇ ಇದೆ ಅಂತ ತಿಳಿದುಕೊಂಡವರು ಬಹಳ ಜನ. ಹಾಗಿಲ್ಲ. ನಮ್ಮ ಉದಾಹರಣೆಯ ಘಟಕದ್ದಂತೂ 12 ಟನ್, ಆ ಸಾಲಿಗೇ ಬರೋದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕೊನೆಯ ಲಾರಿ ಹೋದ ದಿನದಿಂದ 90 ದಿನ ಅಂತ ಕೆಲವರು ಎಣಿಸುತ್ತಾರೆ, ತುಂಬಿದ ಡ್ರಮ್ಮಿನ ಮುಚ್ಚಳ ಬಿಗಿದ ದಿನದಿಂದ ಅಂತ ಇನ್ನು ಕೆಲವರು. ಆದರೆ ಅರ್ಧ ತುಂಬಿದ ಡ್ರಮ್ಮಿನಲ್ಲಿ ಇರುವುದೂ ತ್ಯಾಜ್ಯವೇ. ಮೊದಲ ಸಲಿಕೆ ಬಿದ್ದ ದಿನವನ್ನೇ ಲೇಬಲ್ಲಿನಲ್ಲಿ ಬರೆದುಬಿಡಿ, ವಾದವೇ ಉಳಿಯುವುದಿಲ್ಲ.

ಈಗ ಲೆಕ್ಕ ನೋಡೋಣ. ಮಾರ್ಚ್ ಕೊನೆಯಲ್ಲಿ ಇದ್ದದ್ದೆಲ್ಲ ಹೋಯಿತು. ಹೊಸ ಮೊದಲ ಡ್ರಮ್ಮು ಏಪ್ರಿಲ್ 3ಕ್ಕೆ ಶುರು. ಆ ದಿನವನ್ನೂ ಸೇರಿಸಿ ಎಣಿಸಿದರೆ ಜುಲೈ 1ಕ್ಕೆ 90 ದಿನ ತುಂಬುತ್ತದೆ. ಅಷ್ಟರೊಳಗೆ ಬರುವ ಸ್ಲಡ್ಜ್ ಸುಮಾರು 3 ಟನ್, ಅಂದರೆ 13–14 ಡ್ರಮ್ಮು. ಮಾಲೀಕರಿಗೆ ಆಸೆ ಏನು ಅಂದರೆ, ಲಾರಿ ಬಾಡಿಗೆ ಹೇಗೂ ಕೊಡಬೇಕು, ಪೂರ್ತಿ ತುಂಬಿದ ಮೇಲೇ ಕಳಿಸೋಣ ಅಂತ. 9 ಟನ್ ಹಿಡಿಯುವ ಲಾರಿ ತುಂಬಲು ಈ ಘಟಕಕ್ಕೆ ಒಂಬತ್ತು ತಿಂಗಳು ಬೇಕು! ಅದು ಆಗದ ಮಾತು. ಸಣ್ಣ ವಾಹನ ಕೇಳಿ, ಇಲ್ಲವೇ ಟಿಎಸ್‌ಡಿಎಫ್‌ನ ಲಾರಿ ಒಂದೇ ಸುತ್ತಿನಲ್ಲಿ ಅಕ್ಕಪಕ್ಕದ ನಾಲ್ಕೈದು ಕಾರ್ಖಾನೆಗಳಿಂದ ತುಂಬಿಕೊಂಡು ಹೋಗುತ್ತದಾ ವಿಚಾರಿಸಿ. ಹಾಗೆ ಹೋದರೂ ಪ್ರತಿ ಕಾರ್ಖಾನೆಗೆ ಅದರದೇ ಮ್ಯಾನಿಫೆಸ್ಟ್ ಇರಬೇಕು.

ಲಾರಿ ಕೇಳಿದ ದಿನವೇ ಬರೋದಿಲ್ಲ. ಹಾಗಾಗಿ 60ನೇ ದಿನ, ನಮ್ಮ ಲೆಕ್ಕದಲ್ಲಿ ಜೂನ್ 1, ಬುಕಿಂಗ್ ಕಳಿಸುವ ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಜೂನ್ 15ಕ್ಕೆ, ಅಂದರೆ 74ನೇ ದಿನ, ಲಾರಿ ಬಂತು ಅಂದುಕೊಳ್ಳೋಣ. ಅವತ್ತಿಗೆ 11 ಡ್ರಮ್ಮು ಸಿದ್ಧ. ಇನ್ನೂ 16 ದಿನ ಕೈಯಲ್ಲಿದೆ. ಲಾರಿ ಕೆಟ್ಟರೂ, ಲೋಡು ವಾಪಸ್ ಬಂದರೂ ಉಸಿರಾಡಲು ಜಾಗ ಇರುತ್ತದೆ.

ಶೆಡ್ಡಿನ ಬಗ್ಗೆ ಎರಡೇ ಮಾತು. ಮೇಲೆ ಸೂರು, ಕೆಳಗೆ ನೀರು ಇಂಗದ ನೆಲ, ಸುತ್ತ ಕಟ್ಟೆ. ಹಳೆಯ ಡ್ರಮ್ಮು ಬಾಗಿಲ ಹತ್ತಿರ, ಹೊಸದು ಹಿಂದೆ. ಇಲ್ಲದಿದ್ದರೆ ಲೋಡು ಮಾಡುವವರು ಮುಂದಿರುವ ಹೊಸದನ್ನೇ ಎತ್ತಿಕೊಂಡು ಹೋಗುತ್ತಾರೆ, ಏಪ್ರಿಲ್ ತಿಂಗಳ ಡ್ರಮ್ಮು ಮೂಲೆಯಲ್ಲೇ ಕೂತು 90 ದಿನ ದಾಟುತ್ತದೆ.

ಹಂತ 4: ಕಳಿಸುವ ಮೊದಲು ಐದು ನಿಮಿಷದ ಪರೀಕ್ಷೆ

ಟಿಎಸ್‌ಡಿಎಫ್‌ಗೆ ಲಾರಿ ಹೋದಾಗ ಅವರು ಗೇಟಿನಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ. ಬಣ್ಣ, ವಾಸನೆ, ಪಿಎಚ್, ತೇವಾಂಶ ಇಂಥವು ಹಳೆಯ ವರದಿಗೆ ಹೊಂದುತ್ತವಾ ಅಂತ. ಬೆರಳಚ್ಚು ನೋಡಿದ ಹಾಗೆ, ಅದಕ್ಕೇ ಅದನ್ನು ಫಿಂಗರ್‌ಪ್ರಿಂಟ್ ಪರೀಕ್ಷೆ ಅನ್ನುತ್ತಾರೆ. ಸ್ಲಡ್ಜ್ ತಕರಾರಿಗೆ ಬೀಳುವುದು ಬಹಳ ಸಲ ಒಂದೇ ಕಾರಣಕ್ಕೆ: ನೀರು ಬಿಡುತ್ತದೆ. ಹೂಳುವ ಗುಂಡಿಗೆ ಸುರಿಯುವ ನೀರು ಹೋಗುವಂತಿಲ್ಲ.

ಇದನ್ನು ನೀವೇ ನೋಡಬಹುದು. ಬಣ್ಣ ಸೋಸುವ ಶಂಕುವಿನಾಕಾರದ ಜರಡಿ, 60 ಮೆಶ್‌ನದು, ಒಂದು ತೆಗೆದುಕೊಳ್ಳಿ. ಅದರಲ್ಲಿ 100 ಗ್ರಾಂ ಸ್ಲಡ್ಜ್ ಹಾಕಿ ಐದು ನಿಮಿಷ ಬಿಡಿ. ಕೆಳಗೆ ಒಂದು ಹನಿ ಬಿದ್ದರೂ ಫೇಲ್. ಪೇಂಟ್ ಫಿಲ್ಟರ್ ಪರೀಕ್ಷೆ ಅಂದರೆ ಇಷ್ಟೇ. ಮಾದರಿಯನ್ನು ಡ್ರಮ್ಮಿನ ಮೇಲಿನಿಂದ ತೆಗೆಯಬೇಡಿ, ಮೇಲೆ ಯಾವಾಗಲೂ ಒಣಗಿಯೇ ಇರುತ್ತದೆ. ತಳದಿಂದ ತೆಗೆಯಿರಿ. ಫೇಲ್ ಆದರೆ ಆ ಡ್ರಮ್ಮು ಈ ಸಲ ಬೇಡ, ಮತ್ತೆ ಪ್ರೆಸ್ಸಿಗೆ ಹಾಕಿ, ಹೊಸ ತೂಕ ಪುಸ್ತಕಕ್ಕೆ ಏರಿಸಿ. ಲೇಬಲ್ಲಿನ ಹಳೆಯ ತಾರೀಕನ್ನು ಮಾತ್ರ ಬದಲಿಸಬೇಡಿ.

ಹಂತ 5: ಮ್ಯಾನಿಫೆಸ್ಟ್ ತುಂಬುವುದು

ಮ್ಯಾನಿಫೆಸ್ಟ್ ಅಂದರೆ ಫಾರಂ 10. ತ್ಯಾಜ್ಯದ ಪ್ರಯಾಣಪತ್ರ ಅಂದುಕೊಳ್ಳಿ. ಯಾರು ಕಳಿಸಿದರು, ಯಾರು ಹೊತ್ತರು, ಯಾರು ಪಡೆದರು, ಮೂವರೂ ಒಂದೇ ಕಾಗದದಲ್ಲಿ ಸಹಿ ಹಾಕುತ್ತಾರೆ. ಕಳಿಸುವವರ, ಸಾಗಿಸುವವರ, ಪಡೆಯುವವರ ಹೆಸರು, ವಿಳಾಸ, ಮ್ಯಾನಿಫೆಸ್ಟ್ ಸಂಖ್ಯೆ, ವಾಹನದ ಸಂಖ್ಯೆ, ಇವು ಸುಲಭ. ತಪ್ಪಾಗುವುದು ಮೂರು ಕಡೆ.

ಅಥರೈಸೇಶನ್ ಸಂಖ್ಯೆ ಎರಡು ಕಡೆ ಬರುತ್ತದೆ, ನಿಮ್ಮದು ಮತ್ತು ಪಡೆಯುವವರದು. ಎರಡರ ಅವಧಿಯೂ ಚಾಲ್ತಿಯಲ್ಲಿದೆಯಾ ನೋಡಿ. ಹಳೆಯ ಮ್ಯಾನಿಫೆಸ್ಟನ್ನು ಸುಮ್ನೆ ನಕಲು ಮಾಡುತ್ತಾ ಹೋದವರ ಕಾಗದದಲ್ಲಿ ಮುಗಿದುಹೋದ ಸಂಖ್ಯೆ ಉಳಿದಿರುವುದನ್ನು ನಾನೇ ಕಂಡಿದ್ದೇನೆ.

ತ್ಯಾಜ್ಯದ ವಿವರದಲ್ಲಿ ‘ಕೆಮಿಕಲ್ ವೇಸ್ಟ್’ ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ‘ಇಟಿಪಿ ಸ್ಲಡ್ಜ್, 35.3’ ಅಂತ ಬರೆಯಿರಿ. ಭೌತಿಕ ರೂಪದ ಜಾಗದಲ್ಲಿ ಘನ, ಅರೆಘನ, ಸ್ಲಡ್ಜ್, ದ್ರವ ಹೀಗೆ ಆಯ್ಕೆಗಳಿವೆ, ಡ್ರಮ್ಮಿನೊಳಗೆ ನಿಜವಾಗಿ ಇರುವುದನ್ನೇ ಗುರುತಿಸಿ.

ಮೂರನೆಯದು ತೂಕ. ಇಲ್ಲೇ ಆ 9 ಕಿಲೋ ಬರುತ್ತದೆ. 11 ಡ್ರಮ್ಮಿನ ಸ್ಲಡ್ಜ್ 2,420 ಕಿಲೋ. ಖಾಲಿ ಡ್ರಮ್ಮುಗಳದ್ದು 99 ಕಿಲೋ. ಒಟ್ಟು 2,519. ಟಿಎಸ್‌ಡಿಎಫ್‌ನ ವೇಬ್ರಿಡ್ಜ್ 10 ಕಿಲೋ ಲೆಕ್ಕದಲ್ಲಿ ಓದುವುದಾದರೆ 2,520 ತೋರಿಸುತ್ತದೆ. ನೀವು 2.42 ಟನ್ ಬರೆದಿದ್ದೀರಿ, ಅವರು 2.52 ಬರೆಯುತ್ತಾರೆ, 100 ಕಿಲೋ ವ್ಯತ್ಯಾಸ. ತಪ್ಪು ಯಾರದ್ದೂ ಅಲ್ಲ, ಆದರೂ ವರ್ಷದ ಕೊನೆಗೆ ಇಬ್ಬರ ಲೆಕ್ಕ ಬೇರೆ ಬೇರೆ. ಹಾಗಾಗಿ ಪ್ರಮಾಣದ ಜಾಗದಲ್ಲಿ ‘2.420 ಟನ್, 11 ಡ್ರಮ್ಮು’ ಅಂತ ಬರೆದು, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ‘ಡ್ರಮ್ಮು ಸೇರಿ 2,519 ಕಿಲೋ’ ಅಂತ ಸೇರಿಸಿ. ಅವರು ಯಾವ ತೂಕ ದಾಖಲಿಸುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ.

ಕೊನೆಯಲ್ಲಿ ಕಳಿಸುವವರ ಪ್ರಮಾಣಪತ್ರ ಇದೆ. ವಿವರ ಪೂರ್ತಿ ಸರಿ, ಪ್ಯಾಕಿಂಗ್ ಸರಿ, ಲೇಬಲ್ ಸರಿ ಅಂತ ನೀವು ಘೋಷಿಸುತ್ತಿದ್ದೀರಿ. ಖಾಲಿ ಫಾರಂಗೆ ಮೊದಲೇ ಸಹಿ ಹಾಕಿ ಸೆಕ್ಯುರಿಟಿ ಕೈಗೆ ಕೊಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹಂತ 6: ಏಳು ಪ್ರತಿ, ಏಳು ಬಣ್ಣ

ಏಳಕ್ಕೂ ನೀವು ಸಹಿ ಹಾಕಬೇಕು. ಆಮೇಲೆ ಅವು ಹೋಗುವ ದಾರಿ ಹೀಗೆ:

1. ಬಿಳಿ: ನೀವೇ ಮಂಡಳಿಗೆ ಕಳಿಸಬೇಕು.
2. ಹಳದಿ: ಸಾಗಿಸುವವರ ಸಹಿ ಪಡೆದು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಬೇಕು. ಉಳಿದ ಐದು ಲಾರಿಯ ಜೊತೆ ಹೋಗುತ್ತವೆ.
3. ಗುಲಾಬಿ: ಪಡೆದವರು ಇಟ್ಟುಕೊಳ್ಳುತ್ತಾರೆ.
4. ಕಿತ್ತಳೆ: ಪಡೆದವರು ಸಹಿ ಮಾಡಿ ಸಾಗಿಸಿದವರಿಗೆ ಕೊಡುತ್ತಾರೆ.
5. ಹಸಿರು: ಪಡೆದವರು ಮಂಡಳಿಗೆ ಕಳಿಸುತ್ತಾರೆ.
6. ನೀಲಿ: ಪಡೆದವರು ನಿಮಗೆ ವಾಪಸ್ ಕಳಿಸುತ್ತಾರೆ.
7. ಬೂದು: ನೀವು ಬೇರೆ ರಾಜ್ಯದವರಾಗಿದ್ದರೆ ಮಾತ್ರ, ಪಡೆದವರು ನಿಮ್ಮ ರಾಜ್ಯದ ಮಂಡಳಿಗೆ ಕಳಿಸುತ್ತಾರೆ.

ಇಷ್ಟು ಪ್ರತಿ ಯಾಕೆ ಅಂತ ಸಿಟ್ಟು ಬರಬಹುದು. ಬಿಳಿಯನ್ನೂ ಹಸಿರನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಅರ್ಥವಾಗುತ್ತದೆ. ಬಿಳಿ ಹೇಳುವುದು ‘ಹೊರಟಿತು’, ಹಸಿರು ಹೇಳುವುದು ‘ತಲುಪಿತು’. ಬಿಳಿ ಇದ್ದು ಹಸಿರು ಇಲ್ಲದ ಲೋಡು ದಾರಿಯಲ್ಲಿ ಎಲ್ಲೋ ಮಾಯವಾಗಿದೆ. ಮಂಡಳಿಗೆ ಹಸಿರು ಹೇಗೋ, ನಿಮಗೆ ನೀಲಿ ಹಾಗೆ. ಹಲವು ಕಡೆ ಈಗ ಇದೆಲ್ಲ ಆನ್‌ಲೈನಿಗೆ ಬಂದಿದೆ. ಬಣ್ಣದ ಕಾಗದ ಇಲ್ಲದಿದ್ದರೂ ಲೆಕ್ಕ ಅದೇ: ಪಡೆದವರು ಒಪ್ಪಿಕೊಂಡ ಗುರುತು ಬರುವವರೆಗೆ ಆ ಮ್ಯಾನಿಫೆಸ್ಟ್ ತೆರೆದೇ ಇರುತ್ತದೆ.

ಹಂತ 7: ಲೋಡು ಮಾಡುವ ದಿನ

ವಾಹನದ ಸಂಖ್ಯೆಯನ್ನು ಕಾಗದ ನೋಡಿ ಬರೆಯಬೇಡಿ, ಹೊರಗೆ ಹೋಗಿ ನಂಬರ್ ಪ್ಲೇಟ್ ನೋಡಿ ಬರೆಯಿರಿ. ಬುಕ್ ಆದ ಲಾರಿ ಕೆಟ್ಟು ಬೇರೆ ಲಾರಿ ಬರುವುದು ಸಾಮಾನ್ಯ. ಸಾಗಣೆಗೆ ಮಂಡಳಿಯ ಅನುಮತಿ ಇರಬೇಕು. ಅದು ಕಳಿಸುವವರದೋ ಪಡೆಯುವವರದೋ ಆಗಬಹುದು, ಯಾರು ಲಾರಿ ಗೊತ್ತು ಮಾಡಿದರೋ ದಾರಿಯ ಜವಾಬ್ದಾರಿ ಅವರದು. ಅದು ಯಾರು ಅನ್ನುವುದು ಮ್ಯಾನಿಫೆಸ್ಟಿನಲ್ಲಿ ಸ್ಪಷ್ಟವಾಗಿ ಇರಲಿ.

ಚಾಲಕರಿಗೆ ಫಾರಂ 9 ಕೊಡಬೇಕು. ಇದನ್ನು ಟ್ರೆಮ್ ಕಾರ್ಡ್ ಅನ್ನುತ್ತಾರೆ. ದಾರಿಯಲ್ಲಿ ಸೋರಿದರೆ, ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನುವ ತುರ್ತು ಸೂಚನೆ ಅದು. ಚಾಲಕರು ಓದುವ ಭಾಷೆಯಲ್ಲೇ ಕೊಡಿ, ಬಾಯಲ್ಲೂ ಒಮ್ಮೆ ಹೇಳಿ. ಅಪಘಾತ ಆದರೆ ಮಂಡಳಿಗೆ ತಕ್ಷಣ ತಿಳಿಸಿ, ಆಮೇಲೆ ಫಾರಂ 11ರಲ್ಲಿ ವರದಿ ಕೊಡಬೇಕು.

ಹೊರರಾಜ್ಯಕ್ಕೆ ಹೋಗುವ ಲೋಡಿಗೆ ಇನ್ನೊಂದು ಹೆಜ್ಜೆ ಇದೆ. ಅಲ್ಲಿ ಹೂಳಲು ಅಥವಾ ಸುಡಲು ಹೋಗುವುದಾದರೆ ಎರಡೂ ರಾಜ್ಯದ ಮಂಡಳಿಗಳ ನಿರಾಕ್ಷೇಪಣಾ ಪತ್ರ ಮೊದಲೇ ಬೇಕು. ಮರುಬಳಕೆಗೆ ಹೋಗುವುದಾದರೆ ಎರಡೂ ಕಡೆ ಮುಂಚೆ ತಿಳಿಸಿದರೆ ಸಾಕು. ನಡುವೆ ದಾಟುವ ರಾಜ್ಯಗಳ ಮಂಡಳಿಗೂ ಮೊದಲೇ ತಿಳಿಸಬೇಕು.

ಹಂತ 8: ನೀಲಿ ಪ್ರತಿ ಬರುವವರೆಗೆ ಬೆನ್ನು ಬಿಡಬೇಡಿ

ಲಾರಿ ಹೋದ ಸಂಜೆಯೇ ಫೋನ್ ಮಾಡಿ, ತಲುಪಿತಾ, ವೇಬ್ರಿಡ್ಜಿನಲ್ಲಿ ಎಷ್ಟು ಬಂತು ಕೇಳಿ. ತೂಕದ ಚೀಟಿಯ ಫೋಟೋ ತರಿಸಿಕೊಳ್ಳಿ. ನೀಲಿ ಪ್ರತಿಗೆ ನಿಮ್ಮದೇ ಒಂದು ಗಡುವು ಇಟ್ಟುಕೊಳ್ಳಿ, ನಾನಾದರೆ 15 ದಿನ ಇಡುತ್ತೇನೆ. ಬರದಿದ್ದರೆ ಪಡೆದವರಿಗೆ ಲಿಖಿತವಾಗಿ ಕೇಳಿ. ಆಗಲೂ ಉತ್ತರ ಇಲ್ಲದಿದ್ದರೆ ಮ್ಯಾನಿಫೆಸ್ಟ್ ಸಂಖ್ಯೆ ಹಾಕಿ ಮಂಡಳಿಗೆ ನೀವೇ ಬರೆಯಿರಿ. ಸುಮ್ಮನೆ ಕೂತವರಿಗಿಂತ ಮೊದಲೇ ಬರೆದವರ ಮಾತಿಗೆ ತೂಕ ಜಾಸ್ತಿ.

ನೀಲಿ ಬಂದಾಗ ಅದನ್ನು ಹಳದಿಯ ಜೊತೆ ಇಟ್ಟು ಮೂರು ವಿಷಯ ನೋಡಿ: ತೂಕ, ಡ್ರಮ್ಮಿನ ಎಣಿಕೆ, ತಾರೀಕು. ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ ವೇಬ್ರಿಡ್ಜಿನದ್ದಿರಬಹುದು. 11 ಡ್ರಮ್ಮು ಹೋಗಿ 10 ತಲುಪಿದರೆ ಅದು ತೂಕದ ಯಂತ್ರದ ತಪ್ಪಲ್ಲ. ಬೆಳಿಗ್ಗೆ ಹೊರಟ ಲಾರಿ ಅರ್ಧ ದಿನದ ದಾರಿಗೆ ಮೂರು ದಿನ ತೆಗೆದುಕೊಂಡಿದ್ದರೂ ವಿಚಾರಿಸಿ. ಹೊಂದಿದರೆ ಎರಡನ್ನೂ ಸೇರಿಸಿ ಪಿನ್ ಹಾಕಿ, ಫಾರಂ 3ರಲ್ಲಿ ಆ 11 ಡ್ರಮ್ಮುಗಳ ಮುಂದೆ ಮ್ಯಾನಿಫೆಸ್ಟ್ ಸಂಖ್ಯೆ ಬರೆಯಿರಿ.

ಹಂತ 9: ಜೂನ್ 30

ಹಣಕಾಸು ವರ್ಷ ಮುಗಿದ ಮೇಲೆ ಜೂನ್ 30ರೊಳಗೆ ಫಾರಂ 4ರಲ್ಲಿ ವಾರ್ಷಿಕ ವಿವರ ಕೊಡಬೇಕು. ಲೆಕ್ಕ ಸರಳ: ಮೊದಲಿದ್ದದ್ದು, ಅದಕ್ಕೆ ಹುಟ್ಟಿದ್ದು ಕೂಡಿಸಿ, ಕಳಿಸಿದ್ದು ಕಳೆದರೆ ಉಳಿದದ್ದು. ನಮ್ಮ ಘಟಕಕ್ಕೆ ವರ್ಷದ ಶುರುವಿಗೆ ಸೊನ್ನೆ. ತುಂಬಿದ್ದು 54 ಡ್ರಮ್ಮು, 11,880 ಕಿಲೋ. ಕಳಿಸಿದ್ದು 50 ಡ್ರಮ್ಮು, 11,000 ಕಿಲೋ. ಉಳಿಯಬೇಕಾದದ್ದು 4 ಡ್ರಮ್ಮು, 880 ಕಿಲೋ. ಈ ಲೆಕ್ಕವನ್ನು ಕಂಪ್ಯೂಟರ್ ಮುಂದೆ ಕೂತು ಮುಗಿಸಬೇಡಿ, ಮಾರ್ಚ್ 31ರ ಸಂಜೆ ಶೆಡ್ಡಿಗೆ ಹೋಗಿ ಎಣಿಸಿ. ಅಲ್ಲಿ ಆರು ಡ್ರಮ್ಮು ಇದ್ದರೆ ಎರಡರ ಲೇಬಲ್ ಓದಿ, ಅವು ಯಾವ ತಿಂಗಳವು, ಯಾವ ಪುಸ್ತಕಕ್ಕೆ ಏರಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಇನ್ನು ಫಾರಂ 2ರಲ್ಲಿ ನಮ್ಮ ಘಟಕಕ್ಕೆ ವರ್ಷಕ್ಕೆ 12 ಟನ್ನಿಗೆ ಅನುಮತಿ ಇದೆ ಅಂದುಕೊಂಡರೆ, ಈ 11,880 ಕಿಲೋ ಅದಕ್ಕೆ ಬರೀ 120 ಕಿಲೋ ದೂರದಲ್ಲಿದೆ. ಮುಂದಿನ ವರ್ಷ ಆರ್ಡರ್ ಹೆಚ್ಚುವ ಸೂಚನೆ ಇದ್ದರೆ, ಹೆಚ್ಚಿನ ಪ್ರಮಾಣಕ್ಕೆ ಫಾರಂ 1 ಹಾಕಬೇಕಾದದ್ದು ಈಗಲೇ, 55ನೇ ಡ್ರಮ್ಮು ತುಂಬಿದ ಮೇಲಲ್ಲ.